ಬೇಡವೆನ್ನುವ ಶಿಷ್ಟಾಚಾರ

ಯಾರ ಮನೆಗೆ ಹೋದರೂ ಚಹಾ ಬೇಡವೆಂದು ಹೇಳಿ ಪಾರಾಗಿ ಬಂದವರು ಧಾರವಾಡದಲ್ಲಿ ಸಿಗುವುದಿಲ್ಲ. ಅಂಥ ಊರಿನಲ್ಲಿ, ಸಪ್ತಾಪುರದ ನಿವೃತ್ತ ಗೆಳೆಯರೊಬ್ಬರು ನಸುಕಿನಲ್ಲೇ ವಾಟ್ಸ್ಆ್ಯಪ್‌ಗೆ ಕಳಿಸುವ ಗುಲಾಬಿ ಹೂವನ್ನು, ಅದರ ಬೆನ್ನಿಗೇ ಬರುವ ಆ ವಾರದ ದೇವರನ್ನು, ಮಧ್ಯಾಹ್ನದ ಬೆಳ್ಳುಳ್ಳಿ ಮಹಿಮೆಯನ್ನು ಮತ್ತು ರಾತ್ರಿಯ ಚಂದ್ರನನ್ನು ಕಂಡು 'ಇನ್ನು ಸಾಕು' ಎನ್ನುವ ಎದೆಗಾರಿಕೆ ಯಾರಿಗಿದ್ದೀತು?

ಆದ್ದರಿಂದ ಸಭ್ಯರು ಮೊದಲು ಗುಟ್ಟಿನ ಉಪಾಯಗಳಿಗೆ ಶರಣಾಗುತ್ತಾರೆ. ಮ್ಯೂಟ್ ಮಾಡಿದರೆ ಸದ್ದು ಅಡಗುತ್ತದೆ, ಆರ್ಕೈವ್‌ಗೆ ತಳ್ಳಿದರೆ ಹೆಸರು ಕಣ್ಣಿಂದ ಮರೆಯಾಗುತ್ತದೆ; ಆದರೆ ತಾನಾಗಿಯೇ ಡೌನ್‌ಲೋಡ್ ಆಗುವ ವ್ಯವಸ್ಥೆಯನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸದಿದ್ದರೆ ಗುಲಾಬಿಗಳು ಗ್ಯಾಲರಿಯಲ್ಲಿ ಅರಳುತ್ತಲೇ ಇರುತ್ತವೆ. ಅದನ್ನೂ ನಿಲ್ಲಿಸಿ, ಬಂದದ್ದನ್ನು ತೆರೆಯದೇ ಬಿಟ್ಟಿರೆನ್ನಿ, ಆಗ ನೀಲಿ ಗೆರೆ ಮೂಡುವುದಿಲ್ಲ. ಕಳಿಸುವವರಿಗೆ ಆ ನೀಲಿ ಗೆರೆಯೆಂದರೆ ಹಾಜರಿ ಪುಸ್ತಕ. ಮರುದಿನ ಕೆಲಗೇರಿ ಕೆರೆಯ ದಂಡೆಯಲ್ಲಿ ತಿರುಗಾಡುವಾಗ ಎದುರಾದ ಗೆಳೆಯರು, "ಯಾಕ್ರೀ, ನಿನ್ನಿ ಕಳಿಸಿದ್ದು ನೋಡೇ ಇಲ್ಲಲ್ಲ, ಆರಾಮ ಅದೀರಿಲ್ಲೋ?" ಎಂದು ನಿಜವಾದ ಕಳಕಳಿಯಿಂದ ಕೇಳುತ್ತಾರೆ. ಸಿಟ್ಟಿಗೇಳಬೇಕೆಂದು ಹೋದವರು ಇಲ್ಲಿ ಸೋಲುತ್ತಾರೆ.

ಎರಡನೆಯ ಹಂತ ಸೂಚನೆಗಳದ್ದು, ಮತ್ತು ಈ ಭಾಗದಲ್ಲಿ ಸೂಚನೆಯನ್ನು ಅರ್ಥಮಾಡಿಕೊಳ್ಳುವುದು ಅಸಭ್ಯತೆಯೆಂದು ಭಾವಿಸಿದಂತಿದೆ. ಫೋನಿನಲ್ಲಿ ಜಾಗವಿಲ್ಲವೆಂದರೆ, "ನಮ್ಮ ಮೊಮ್ಮಗನ ಕಡೆ ಕೊಡ್ರಿ, ಎಲ್ಲಾ ಸ್ವಚ್ಛ ಮಾಡಿ ಕೊಡ್ತಾನ" ಎಂಬ ನೆರವು ದೊರೆಯುತ್ತದೆ. ನಮ್ಮ ರಾಷ್ಟ್ರಗೀತೆಗೆ ಯುನೆಸ್ಕೊ ಜಗತ್ತಿನಲ್ಲೇ ಶ್ರೇಷ್ಠವೆಂಬ ಪ್ರಶಸ್ತಿ ಕೊಟ್ಟಿತೆಂಬ ಸುದ್ದಿ ಎಷ್ಟೋ ವರ್ಷಗಳ ಹಿಂದೆಯೇ ಸುಳ್ಳೆಂದು ಬಯಲಾಗಿದೆ ಎಂದು ತಿಳಿಸಿದರೆ, "ನನಗೂ ಹಂಗ ಬಂದಿತ್ತು, ಹಂಗ ಕಳಿಸೀನಿ" ಎಂಬ ನಿರ್ಲಿಪ್ತ ಉತ್ತರ ಬರುತ್ತದೆ. ಇನ್ನು, 'ದಯವಿಟ್ಟು ಯಾರೂ ಫಾರ್ವರ್ಡ್ ಕಳಿಸಬೇಡಿ' ಎಂದು ಗ್ರೂಪಿನಲ್ಲಿ ಎಲ್ಲರಿಗೂ ಸೇರಿಸಿ ಬರೆಯುವುದು ಶುದ್ಧ ಹುಂಬತನ. ಎಂದೂ ಏನನ್ನೂ ಕಳಿಸದ ಸಂಕೋಚದವರು ನೊಂದು ಗ್ರೂಪ್ ಬಿಡುತ್ತಾರೆ. ಕಳಿಸುವವರು ಮಾತ್ರ ಆ ವಿನಂತಿಯನ್ನು ಬಹಳ ಮೆಚ್ಚಿ, ಉಳಿದ ಗ್ರೂಪುಗಳಿಗೆಲ್ಲ ಫಾರ್ವರ್ಡ್ ಮಾಡುತ್ತಾರೆ.

ಕಂಪನಿ ಪ್ರಯತ್ನಿಸಲಿಲ್ಲವೆಂದಲ್ಲ. 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದೆಂದು ಮಿತಿ ಹಾಕಿತು. 2020ರಲ್ಲಿ, ಹಲವು ಕೈ ದಾಟಿ ಜೋಡಿ ಬಾಣದ ಗುರುತು ಹೊತ್ತ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಎಂದಿತು. ಆದರೆ ಚಿತ್ರವನ್ನು ಗ್ಯಾಲರಿಯಲ್ಲಿ ಉಳಿಸಿಕೊಂಡು ಅಲ್ಲಿಂದ ಹೊಸದಾಗಿ ಕಳಿಸಿದರೆ ಬಾಣವೂ ಇಲ್ಲ, ಒಂದೇ ಕಡೆಗೆಂಬ ಮಿತಿಯೂ ಇಲ್ಲ ಎಂಬುದನ್ನು ಮೇಲೆ ಹೇಳಿದ ಮೊಮ್ಮಗ ಅಜ್ಜನಿಗೆ ಕಲಿಸಿಟ್ಟಿದ್ದಾನೆ. ಅಷ್ಟೇ ಅಲ್ಲ, ಒಂದು ಬ್ರಾಡ್‌ಕಾಸ್ಟ್ ಪಟ್ಟಿಯನ್ನೂ ಮಾಡಿಕೊಟ್ಟಿದ್ದಾನೆ. ಈ ಪಟ್ಟಿಯಲ್ಲಿ 256 ಹೆಸರುಗಳಿಗೆ ಸ್ಥಳವಿದೆ, ಒಂದು ಸಲ ಒತ್ತಿದರೆ ಎಲ್ಲರಿಗೂ ಹೋಗುತ್ತದೆ, ಮತ್ತು ಪಡೆದವರಿಗೆ ಅದು ತಮಗೊಬ್ಬರಿಗೇ ಬಂದ ಪತ್ರದಂತೆ ಕಾಣುತ್ತದೆ. ನಾವು ವರ್ಷಗಟ್ಟಲೆ ಯಾವ ಪ್ರೀತಿಗೆ ನೋವಾದೀತೆಂದು ಅಂಜಿ ಕೈಮುಗಿಯುವ ಚಿಹ್ನೆ ಕಳಿಸುತ್ತಿದ್ದೆವೋ, ಆ ಪ್ರೀತಿಗೆ ನಾವಿದ್ದೇವೆಂಬುದೇ ನೆನಪಿರಲಿಲ್ಲ.

ಈ ಪಟ್ಟಿಗೆ ಒಂದು ವಿಚಿತ್ರ ನಿಯಮವಿದೆ: ಕಳಿಸುವವರ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಅಂದರೆ ಗೆಳೆಯರ ಹೆಸರನ್ನೇ ಅಳಿಸಿಹಾಕಿದರೆ ಗುಲಾಬಿ ನಿಲ್ಲುತ್ತದೆ. ಗೆಳೆತನ ಉಳಿಸಿಕೊಳ್ಳಲು ಗೆಳೆಯನನ್ನೇ ಅಳಿಸಬೇಕಾದ ಈ ಮಾರ್ಗವನ್ನು ನಮ್ಮಲ್ಲಿ ಅನೇಕರು ಅನುಸರಿಸುತ್ತಿದ್ದಾರೆ, ಫೋನ್ ಬಂದಾಗ "ಯಾರು ಮಾತಾಡೂದು?" ಎಂದು ಬಾಲ್ಯಸ್ನೇಹಿತನನ್ನೇ ಕೇಳಿ ಸಿಕ್ಕಿಬೀಳುತ್ತಲೂ ಇದ್ದಾರೆ.

ಇಷ್ಟೆಲ್ಲ ಆದಮೇಲೆ ಕೆರೆಯ ದಂಡೆಯ ಬೆಂಚಿನ ಮೇಲೆ, ಮೊಮ್ಮಗನಾಗಲಿ ಮನೆಯವರಾಗಲಿ ಹತ್ತಿರವಿಲ್ಲದ ಹೊತ್ತು ನೋಡಿ, ಕೊನೆಗೂ ಬಾಯಿಬಿಟ್ಟು ಹೇಳಿದೆ: "ರಾಯರ, ನೀವು ಸ್ವತಃ ಬರೆದದ್ದು ಎರಡು ಸಾಲಿದ್ದರೂ ಓದ್ತೀನಿ. ಫಾರ್ವರ್ಡ್ ಬಂದದ್ದು ನಾ ಓದೂದಿಲ್ಲ. ಆ ಪಟ್ಟಿಯೊಳಗಿಂದ ನನ್ನ ಹೆಸರೊಂದು ತಗದುಬಿಡ್ರಿ. ಐತವಾರಕ್ಕೊಮ್ಮೆ ನಾನೇ ಫೋನ್ ಮಾಡ್ತೀನಿ." ದೂರು ಮನುಷ್ಯನ ಮೇಲಲ್ಲ, ಪಟ್ಟಿಯ ಮೇಲೆ, ಹಾಜರಿಗೆ ಬದಲಿ ವ್ಯವಸ್ಥೆಯೂ ಅದರೊಳಗೇ ಇದೆ. ರಾಯರು ನೊಂದುಕೊಳ್ಳಲಿಲ್ಲ. "ಇಷ್ಟ ಹೌದಿಲ್ಲೋ, ಮೊದಲ ಹೇಳಬಾರದೇನ್ರಿ" ಎಂದು ಕನ್ನಡಕ ಏರಿಸಿ ಪಟ್ಟಿ ತೆರೆದು, ನನ್ನ ಹೆಸರನ್ನು ಹುಡುಕಿ ತೆಗೆದರು. ಅದರ ಕೆಳಗೇ, ಹೋದ ವರ್ಷ ತೀರಿಕೊಂಡ ನಮ್ಮಿಬ್ಬರ ಗೆಳೆಯರ ಹೆಸರಿತ್ತು. ಇದನ್ನೂ ತೆಗೆಯಬಹುದಲ್ಲ ಎಂದೆ.

"ಅವರು ಇರಲಿ ಬಿಡ್ರಿ," ಎಂದರು ರಾಯರು, "ಅವರೇನು ಬ್ಯಾಡ ಅಂದಿಲ್ಲಲ್ಲ."