ಟೈಮೆಷ್ಟು ಅಂದರೆ ಚಂದ್ರ ತೋರಿಸುವ ವಾಚು

ಮೆಟ್ರೋದಲ್ಲಿ ಪಕ್ಕದ ಸೀಟಿನ ಅಜ್ಜಿ ನನ್ನ ಗೆಳೆಯ ಗಿರೀಶನನ್ನು ಕೇಳಿದರು, "ಟೈಮೆಷ್ಟಾಯ್ತಪ್ಪಾ?" ಗಿರೀಶ ಜಂಬದಿಂದ ಕೈ ಎತ್ತಿದ. ನೋಡಿದ. ಕಣ್ಣು ಕಿರಿದು ಮಾಡಿ ಇನ್ನೊಂದು ಸಲ ನೋಡಿದ. ಆಮೇಲೆ ಜೇಬಿನಿಂದ ಫೋನ್ ತೆಗೆದು, "ಆರೂವರೆ ಅಜ್ಜಿ" ಅಂದ.

ಕಣ್ಣಿನ ತಪ್ಪಲ್ಲ. ಅವನ ಆಪಲ್ ವಾಚಿನಲ್ಲಿ ಇದ್ದದ್ದು ಇನ್ಫೋಗ್ರಾಫ್ ಎಂಬ ಫೇಸ್, ಅಂದರೆ ಪರದೆ ಮೇಲೆ ಕಾಣುವ ಗಡಿಯಾರದ ಮುಖ. ನಾಲ್ಕು ಮೂಲೆಗೆ ನಾಲ್ಕು, ಮುಳ್ಳು ತಿರುಗುವ ಜಾಗದಲ್ಲೇ ಇನ್ನೂ ನಾಲ್ಕು, ಒಟ್ಟು 8 ಕಾಂಪ್ಲಿಕೇಷನ್. ಇವನು ಎಂಟನ್ನೂ ತುಂಬಿಸಿದ್ದ. ಸೈಟ್ ಖಾಲಿ ಬಿಟ್ಟರೆ ಯಾರಾದರೂ ಬೇಲಿ ಹಾಕ್ಕೊಳ್ತಾರೆ ಅನ್ನೋ ಭಯ ನಮ್ಮ ಬೆಂಗಳೂರಿನವರಿಗೆ ಕೈಗಡಿಯಾರದಲ್ಲೂ ಬಿಟ್ಟಿಲ್ಲ.

ಕಾಂಪ್ಲಿಕೇಷನ್ ಅಂದರೆ ನಮ್ಮಲ್ಲಿ ಹೆರಿಗೆ ವಾರ್ಡಿನ ಹೊರಗೆ ಕೇಳಿಸುವ ಮಾತು, ಅಲ್ವಾ? ಗಡಿಯಾರ ಮಾಡುವವರ ಬಾಯಲ್ಲಿ ಗಂಟೆ, ನಿಮಿಷ, ಸೆಕೆಂಡ್ ಬಿಟ್ಟು ವಾಚು ತೋರಿಸುವ ಬೇರೆ ಏನೇ ಇರಲಿ, ಅದಕ್ಕೆ ಈ ಹೆಸರು. ತಾರೀಖು, ಚಂದ್ರನ ಕಲೆ, ಹೀಗೆ. ಒಂದೊಂದಕ್ಕೂ ಹಲ್ಲುಚಕ್ರ ಕೂರಿಸಬೇಕಿತ್ತು, ಬೆವರು ಸುರಿಸಬೇಕಿತ್ತು, ಹಾಗಾಗಿ ಸಾಮಾನ್ಯ ವಾಚಿನಲ್ಲಿ ಒಂದೋ ಎರಡೋ. ಈಗ ಬೆರಳು ತಾಗಿಸಿದರೆ ಸಾಕು. ಹಾಗಾಗಿ ಎಂಟು.

ದರ್ಶಿನಿಯಲ್ಲಿ ಕಾಫಿ ಹಿಡಿದು ನಿಂತು ನಾನು ವಿಚಾರಣೆ ಶುರು ಮಾಡಿದೆ. ಕೇಳಿದ್ದು ಒಂದೇ ಪ್ರಶ್ನೆ: "ಇದನ್ನು ನೋಡಿದ ಮೇಲೆ ಏನು ಮಾಡ್ತೀಯ?"

ಚಂದ್ರ? "ಏನಿಲ್ಲ, ಚೆನ್ನಾಗಿ ಕಾಣತ್ತೆ." ಬಿಸಿಲು ಎಷ್ಟು ಸುಡುತ್ತೆ ಅಂತ ಹೇಳುವ ಯುವಿ ಸೂಚ್ಯಂಕ? ಹೊತ್ತು ಮುಳುಗಿ ಸೊನ್ನೆ ತೋರಿಸುತ್ತಿತ್ತು. ಸೂರ್ಯ ಇಲ್ಲ ಅಂತ ತಿಳಿಯಲು ಒಂದು ಮೂಲೆ ಮೀಸಲು. ಇನ್ನೊಂದು ಕಡೆ `CUP` ಅಂತ ಇತ್ತು. ಇವನು ಇಷ್ಟು ದಿನ ಕಾಫಿ ಲೆಕ್ಕ ಅಂದುಕೊಂಡಿದ್ದನಂತೆ. ಅದು ಕ್ಯುಪರ್ಟಿನೋ ಊರಿನ ಟೈಮು, ಆಪಲ್ ಕಂಪನಿಯ ಆಫೀಸ್ ಇರುವ ಜಾಗ. ಇವನಿಗೆ ಅಲ್ಲಿ ದೂರದ ನೆಂಟರೂ ಇಲ್ಲ. ಮತ್ತೊಂದು ಬರೀ ಹೂವಿನಂಥ ಚಿತ್ರ. ಅದು ಏನನ್ನೂ ತಿಳಿಸುವುದಿಲ್ಲ, ಮುಟ್ಟಿದರೆ ಉಸಿರಾಟದ ಆ್ಯಪ್ ತೆರೆಯುತ್ತದೆ ಅಷ್ಟೇ. ಮಾಹಿತಿ ಕೊಡುವುದು ಬೇರೆ, ಬರೀ ಬಾಗಿಲಾಗಿರುವುದು ಬೇರೆ. ಇವನ ಎಂಟರಲ್ಲಿ ಮೂರು ಬಾಗಿಲು.

"ಮಳೆ ಐಕಾನ್ ಉಪಯೋಗಕ್ಕೆ ಬರತ್ತಲ್ವಾ?" ಅಂದ. ಬರತ್ತೆ. ಆದರೆ ಇಟ್ಟಿದ್ದು ಒಳಗಿನ ನಾಲ್ಕರಲ್ಲಿ ಕೆಳಗಿನದರಲ್ಲಿ, ಅಂದರೆ ಆರರ ಜಾಗದಲ್ಲಿ. ಸಂಜೆ ಆರೂವರೆಗೆ ಆಫೀಸ್ ಬಿಡುವಾಗ ಎರಡೂ ಮುಳ್ಳು ಬಂದು ಅದರ ಮೇಲೇ ಕೂರುತ್ತವೆ. ವಾಚಿನ ಜಾಹೀರಾತಿನಲ್ಲಿ ಹೆಚ್ಚಾಗಿ ಹತ್ತು ಗಂಟೆ ಹತ್ತು ನಿಮಿಷದ ಆಸುಪಾಸೇ ಯಾಕೆ ಅಂತ ಈಗ ಗೊತ್ತಾಯ್ತಾ?

ಇನ್ನೊಂದು ವಿಷಯ ಯಾರೂ ಹೇಳೋದಿಲ್ಲ. ಬ್ಯಾಟರಿ ಉಳಿಸೋಕೆ ವಾಚು ಆ್ಯಪ್‌ಗಳನ್ನು ಬೇಕಾದಾಗಲೆಲ್ಲ ಎಬ್ಬಿಸೋದಿಲ್ಲ. ಫೇಸ್ ಮೇಲೆ ಇರುವ ಆ್ಯಪ್ ಹಿನ್ನೆಲೆಯಲ್ಲಿ ಹೊಸ ಮಾಹಿತಿ ತರಲು ಗಂಟೆಗೆ ಹೆಚ್ಚೆಂದರೆ 4 ಸಲ ಅವಕಾಶ. ಅಂದರೆ ನೀವು ನೋಡುವ ಮಳೆ ಹದಿನೈದು ನಿಮಿಷ ಹಳೆಯದಿರಬಹುದು. ಇವನು ಯಾವುದೋ ಹವಾಮಾನದ ಆ್ಯಪ್ ನಂಬಿ, ಸಿಲ್ಕ್ ಬೋರ್ಡ್ ಹತ್ತಿರ ಕೈ ಮೇಲಿನ ಸೂರ್ಯನನ್ನು ನೋಡುತ್ತಾ ನೆನೆದು ತೊಪ್ಪೆಯಾದ ಕಥೆ ನಮ್ಮ ಬೀದಿಗೆಲ್ಲ ಗೊತ್ತು. ಈಗಿನ ಹವಾಮಾನದ ಚಿತ್ರ ಹಾಕುವುದಕ್ಕಿಂತ ಮಳೆಯ ಸಾಧ್ಯತೆ ಶೇಕಡಾ ಎಷ್ಟು ಅನ್ನೋದು ಹಾಕಿದರೆ ಸ್ವಲ್ಪ ಹಳೆಯದಾದರೂ ಛತ್ರಿ ತಗೋಬೇಕೋ ಬೇಡವೋ ತಿಳಿಯುತ್ತದೆ. ಈಗಿನ ಮಳೆ ಗೊತ್ತಾಗಬೇಕಾದರೆ ಕಿಟಕಿ ಇದೆ.

ಅಲ್ಲೇ ರಿಪೇರಿಗೆ ಕೂತೆವು. ಮುಳ್ಳಿನ ಗೋಜೇ ಬೇಡ ಅಂತ ಅಂಕಿಯಲ್ಲಿ ಟೈಮು ತೋರಿಸುವ ಮಾಡ್ಯುಲರ್ ಫೇಸ್ ಹಾಕಿದೆವು. ಫೇಸ್ ಮೇಲೆ ಬೆರಳು ಒತ್ತಿ ಹಿಡಿದು `Edit`, ಆಮೇಲೆ ಕಾಂಪ್ಲಿಕೇಷನ್ ಪುಟ ಬರುವವರೆಗೆ ಪಕ್ಕಕ್ಕೆ ಸರಿಸೋದು, ಒಂದೊಂದು ಜಾಗ ಮುಟ್ಟಿ ವಾಚಿನ ಪಕ್ಕದಲ್ಲಿರುವ ಕ್ರೌನ್ ಎಂಬ ಗುಂಡಿ ತಿರುಗಿಸೋದು. ನಡುವಿನ ದೊಡ್ಡ ಜಾಗಕ್ಕೆ ಕ್ಯಾಲೆಂಡರ್, ಯಾಕಂದ್ರೆ "ಮೂರು ಗಂಟೆ, ರಿವ್ಯೂ" ಅಂತ ಪೂರ್ತಿ ಓದಲು ಜಾಗ ಬೇಕು. ಕೆಳಗೆ ಮಳೆಯ ಶೇಕಡಾ, ಅದರ ಪಕ್ಕ ಟೈಮರ್, ಕುಕ್ಕರ್ ಇಟ್ಟು ಮರೆಯುವ ಗಂಡಸು ಇವನು. ಉಳಿದವಕ್ಕೆಲ್ಲ `Off`. ಅದೂ ಒಂದು ಆಯ್ಕೆ ಅಂತ ಗಿರೀಶನಿಗೆ ಎರಡು ವರ್ಷದಿಂದ ಗೊತ್ತೇ ಇರಲಿಲ್ಲ. ಖಾಲಿ ಜಾಗ ನೋಡಿ ಅವನ ಮುಖ ಸಪ್ಪಗಾಯಿತು. "ಇಷ್ಟು ದುಡ್ಡು ಕೊಟ್ಟು..." ಅಂದ.

ಭಾನುವಾರ ಅವರ ಮನೆಗೆ ಹೋದಾಗ ಅವರಪ್ಪ ತಮ್ಮ ಎಚ್‌ಎಂಟಿ ಬಿಚ್ಚಿ ಕೂತಿದ್ದರು. ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ 1961ರಲ್ಲಿ ನಮ್ಮ ಬೆಂಗಳೂರಲ್ಲೇ ವಾಚ್ ಮಾಡಲು ಶುರು ಮಾಡಿದ ಎಚ್‌ಎಂಟಿ. ಅದರಲ್ಲಿ ಇರುವುದು ಒಂದೇ ಕಾಂಪ್ಲಿಕೇಷನ್, ತಾರೀಖು. ತಿಂಗಳಿಗೆ ಮೂವತ್ತೇ ದಿನ ಇದ್ದರೂ ಅದು 31 ತೋರಿಸುತ್ತದೆ, ಹಾಗಾಗಿ ಒಂದನೇ ತಾರೀಖು ಅಪ್ಪ ಕೂತು ಕೀಲಿ ಎಳೆದು ತಿರುಗಿಸುತ್ತಾರೆ. "ಏನ್ ಗಿರಿ, ಎಷ್ಟಾಯ್ತೋ?" ಅಂದರು.

ಗಿರೀಶ ಕೈ ಎತ್ತಿದ. ಕೆಳಗಿನ ಖಾಲಿ ಜಾಗದಲ್ಲಿ ಮತ್ತೆ ಚಂದ್ರ ಬಂದು ಕೂತಿದ್ದ.