ಎಂಡ್ ಆಫ್ ಡೇ ಅಂದ್ರ ಯಾವ ಊರಿನ ದಿನ?

"ಶುಕ್ರವಾರ ಎಂಡ್ ಆಫ್ ಡೇ ಒಳಗ ಕಳಸ್ರಿ" ಅಂತ ಮೇಲ್ ಬಂದ್ರ ಯಾರೂ ತಿರುಗಿ ಕೇಳಂಗಿಲ್ಲ, ಆಯ್ತ್ರಿ ಅಂತೀವಿ. ನಾನೂ ಹಂಗೇ ಅಂದು 2025ರ ಏಪ್ರಿಲ್‌ನಾಗ ಒಂದ್ ಕೆಲಸ ಕಳಕೊಂಡೆ. ಇನ್ನೂ ಹೊಟ್ಟಿ ಉರಿತದ, ಅದಕ್ಕೇ ಬರಿಲತ್ತೀನಿ.

ಕಲಬುರಗಿಯೊಳಗ ಮನ್ಯಾಗೇ ಕುಂತು ಲಂಡನ್ನಿನವರಿಗಿ ಅನುವಾದ ಮಾಡಿಕೊಡ್ತೀನಿ. ಫೆಬ್ರವರಿಯಾಗ ಪ್ರತಿ ಶುಕ್ರವಾರ ರಾತ್ರಿ 10:45ಕ್ಕ ಫೈಲ್ ಕಳಿಸ್ತಿದ್ದೆ, ಕೂಡ್ಲೇ ಓಕೆ ಅಂತ ಉತ್ತರ ಬರ್ತಿತ್ತು. ಏಪ್ರಿಲ್ 11, ನಮ್ಮೂರ ಬಿಸಿಲು ಗೊತ್ತೇ ಅದಲ್ಲ, ಕೂಲರ್ ಮುಂದ ಕುಂತ್ರೂ ಹಗಲಿಗಿ ತಲಿ ಓಡಂಗಿಲ್ಲ, ಹೊತ್ತು ಮುಳುಗಿದ ಮ್ಯಾಲೇ ಕೆಲಸ, ಅವತ್ತೂ ಅದೇ 10:45ಕ್ಕ ಕಳಿಸ್ದೆ. ಸೋಮವಾರ ಮೇಲ್ ಬಂತು, ತಡ ಆಯ್ತು, ಬೇರೆಯವರ ಕಡಿಂದ ಮಾಡಿಸ್ಕೊಂಡ್ವಿ ಅಂತ.

ಅದೇ ಟೈಮು, ಅದೇ ವಾರ, ಹೆಂಗ ತಡ ಆಯ್ತು? ಲಂಡನ್ನಿನಾಗ ಮಾರ್ಚ್ ಕಡೀ ಭಾನುವಾರ ಗಡಿಯಾರ ಒಂದ್ ತಾಸು ಮುಂದ ಮಾಡ್ತಾರ, ಅಕ್ಟೋಬರ್ ಕಡೀ ಭಾನುವಾರ ಹಿಂದ ಮಾಡ್ತಾರ. ಥಂಡಿ ದಿನದಾಗ ಅವರು ನಮಗಿಂತ ಐದೂವರಿ ತಾಸು ಹಿಂದ, ಬ್ಯಾಸಗ್ಯಾಗ ನಾಕೂವರಿ ತಾಸು. ಫೆಬ್ರವರಿಯಾಗ ನನ್ನ 10:45 ಅಂದ್ರ ಅಲ್ಲಿ ಸಂಜಿ 5:15, ಆಫೀಸಿನಾಗ ಮಂದಿ ಇದ್ರು. ಏಪ್ರಿಲ್‌ನಾಗ ಅದೇ 10:45 ಅಂದ್ರ 6:15, ಅವರು 5:30ಕ್ಕೇ ಬಾಗಿಲ ಹಾಕ್ಕೊಂಡು ಹೋಗಿದ್ರು. ನಮ್ಮ ಗಡಿಯಾರ ವರ್ಷಪೂರ್ತಿ ಅಲ್ಲಾಡಂಗಿಲ್ಲ ನೋಡ್ರಿ, ಹಿಂಗಾಗಿ ಆ ಕಡಿ ಬದಲಾಗಿದ್ದು ನಮಗ ಗೊತ್ತೇ ಆಗಂಗಿಲ್ಲ. ಮೇಲ್ ತೆಗದು ನೋಡಿದ್ರೂ ನನ್ನ ಫೋನಿನಾಗ ನನ್ನ ಟೈಮೇ ಕಾಣಸ್ತದ, ಅವರ ಕಡಿ ಅವರದು.

ಅವತ್ತು ಅವರ ಮನಸಿನಾಗ ಎಂಡ್ ಆಫ್ ಡೇ ಅಂದ್ರ ಆಫೀಸ್ ಮುಚ್ಚೋ ಹೊತ್ತು, ನನ್ನ ಮನಸಿನಾಗ ರಾತ್ರಿ 12. ಇಬ್ರೂ ಬರದು ಇಟ್ಟಿರ್ಲಿಲ್ಲ. ನನ್ನ ಪ್ರಕಾರ ಫೈಲ್ ತಗೊಂಡು ಮುಂದಿನ ಕೆಲಸ ಯಾರು ಮಾಡ್ಬೇಕೋ ಅವರು ದಿನದ ಕೆಲಸ ಮುಗಿಸಿ ಕುರ್ಚಿ ಬಿಟ್ಟು ಏಳೋ ಹೊತ್ತೇ ಡೆಡ್‌ಲೈನ್, ಆದ್ರ ಅದನ್ನ ಬಾಯಿಬಿಟ್ಟು ಹೇಳೋ ಜವಾಬ್ದಾರಿ ಕೆಲಸ ಕೊಟ್ಟವರದು.

ಜಿಎಂಟಿ, ಅಂದ್ರ ಬ್ಯಾಸಗ್ಯಾಗೂ ಬದಲಾಗದ ಗ್ರೀನಿಚ್ ಟೈಮು, ಅಂತ ಬರದ್ರೂ ಸಾಲಂಗಿಲ್ಲ. ಬ್ಯಾಸಗ್ಯಾಗ ಸಂಜಿ 5 ಜಿಎಂಟಿ ಅಂದ್ರ ಲಂಡನ್ನಿನ ಗಡಿಯಾರದಾಗ 6 ಆಗಿರ್ತದ, ರೂಢಿ ಮ್ಯಾಲ ಹಂಗೇ ಬರಿಯೋರು ಭಾಳ ಮಂದಿ ಇದ್ದಾರ. ಐಎಸ್‌ಟಿ ಅಂದ್ರ ನಮಗ ಭಾರತದ್ದು, ಐರ್ಲೆಂಡಿನವರಿಗಿ ಅವರ ಬ್ಯಾಸಗಿ ಟೈಮು. ಅದಕ್ಕ ಊರಿನ ಹೆಸರೇ ಬರೀಬೇಕು.

ಯುನಿವರ್ಸಿಟಿ ಹುಡುಗ್ರಿಗಿ ಇನ್ನೊಂದು: ಹೊರದೇಶದ ಕಾನ್ಫರೆನ್ಸಿನ ಡೆಡ್‌ಲೈನ್ 23:59 AoE ಅಂತಿದ್ರ ಗಾಬರಿ ಬ್ಯಾಡ, AoE ಅಂದ್ರ ಎನಿವೇರ್ ಆನ್ ಅರ್ಥ್, ಭೂಮಿ ಮ್ಯಾಲ ಎಲ್ಲಾರಿಗಿಂತ ಕಡೀಗಿ ದಿನ ಮುಗಿಯೋ ಕಡಿ ಟೈಮು, ಅದು ನಮ್ಮ ಮರುದಿನ ಸಂಜಿ 5:29.

ಈಗ ಯಾರೇ ಎಂಡ್ ಆಫ್ ಡೇ ಅಂದ್ರೂ ಕೆಲಸ ಹಿಡಿಯೋಕಿಂತ ಮೊದ್ಲು ಒಂದ್ ಸಾಲು ಕಳಿಸ್ತೀನಿ, ಬ್ಯಾಸಗ್ಯಾಗ ಆದ್ರ ಹಿಂಗ: "ಶುಕ್ರವಾರ ಸಂಜೆ 5 ಗಂಟೆ, ಲಂಡನ್ ಟೈಮ್, ಅಂದ್ರೆ ನಮ್ಮಲ್ಲಿ ರಾತ್ರಿ 9:30, ಸರಿನಾ?" ಅವರು ಹೂಂ ಅಂದ ಮ್ಯಾಲೇ ಫೈಲ್ ತೆಗಿತೀನಿ.