ನನ್ನ ಮೂವತ್ತು, ಅಂಗಡಿಯ ಮೂವತ್ತು

ಭಾನುವಾರ ಬೀರು ಜೋಡಿಸುವ ನೆಪದಲ್ಲಿ ನನ್ನ ಮೂರು ಜೀನ್ಸ್ ಪ್ಯಾಂಟುಗಳನ್ನು ಮಂಚದ ಮೇಲೆ ಹರಡಿದಾಗ, ಒಂದೇ ಸೊಂಟಕ್ಕೆ ಎಷ್ಟು ಬಗೆಯ ಅಂಕೆಗಳು ಅಂಟಿಕೊಂಡಿವೆ ಎಂಬುದು ಕಣ್ಣಿಗೆ ಬಿತ್ತು. ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಕೊಂಡದ್ದರ ಚೀಟಿಯಲ್ಲಿ 30 ಎಂದಿತ್ತು, ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕೊಂಡದ್ದರಲ್ಲೂ 30 ಎಂದಿತ್ತು, ಅಣ್ಣನ ಮಗಳು ಲಂಡನ್ನಿನಿಂದ ತಂದುಕೊಟ್ಟದ್ದರಲ್ಲಿ ಮಾತ್ರ 12 ಎಂದಿತ್ತು. ಹನ್ನೆರಡು ಇಂಚಿನ ಸೊಂಟ ಬೊಂಬೆಗಳಿಗೂ ದೊಡ್ಡದಲ್ಲವೆಂದು ನಗುತ್ತಲೇ ಹೊಲಿಗೆ ಡಬ್ಬಿಯಿಂದ ಟೇಪು ತೆಗೆದೆ.

ಆ 12 ಇಂಚಿನ ಲೆಕ್ಕವಲ್ಲ, ಬರೀ ಕ್ರಮಸಂಖ್ಯೆ. ಬ್ರಿಟನ್ನಿನ 12 ಅಮೆರಿಕಕ್ಕೆ ಹೋದರೆ ಹೆಚ್ಚುಕಡಿಮೆ 8 ಆಗುತ್ತದೆ. ಇಂಚಿನ ಚೀಟಿಯಲ್ಲಿ ಎರಡೂ 29, 30ರ ಆಸುಪಾಸಿಗೆ ಬರುತ್ತವೆ. ಅಮೆರಿಕದಲ್ಲಿ ಈ ಅಂಕೆಗಳಿಗೆ 1958ರಲ್ಲಿ ಒಂದು ಸರ್ಕಾರಿ ಮಾನಕವೇ ಇತ್ತು. ಅದರ 8, ಸೊಂಟ 24 ಇಂಚಿಗೂ ಕಡಿಮೆಯಿದ್ದವರ ಅಳತೆಯಾಗಿತ್ತು. 1983ರಲ್ಲಿ ಆ ಮಾನಕವನ್ನು ಕೈಬಿಟ್ಟರು. ಕೊಳ್ಳುವವರಿಗೆ ಹಿತವಾಗಲೆಂದು ತಯಾರಕರು ಬಟ್ಟೆಯನ್ನು ಹಿಗ್ಗಿಸುತ್ತ ಅಂಕೆಯನ್ನು ಹಾಗೆಯೇ ಉಳಿಸಿಕೊಂಡದ್ದರಿಂದ, ಕ್ರಮಸಂಖ್ಯೆಗೆ ಹೊಂದಿಕೊಂಡ ಅಳತೆ ಯಾವುದೂ ಇಂದು ಗಟ್ಟಿಯಾಗಿ ನಿಂತಿಲ್ಲ.

ಆದರೆ ಇಂಚಿನ ಅಂಕೆಯಾದರೂ ನಿಜ ಹೇಳುತ್ತದೆ ಎಂದು ನಾನು ನಂಬಿದ್ದೆ. ಜಿಪ್ಪು ಎಳೆದು, ಗುಂಡಿ ಹಾಕಿ, ಸೊಂಟಪಟ್ಟಿಯ ಹಿಂದಿನ ಅಂಚನ್ನು ಮುಂದಿನ ಅಂಚಿಗೆ ಸರಿಹೊಂದಿಸಿ, ಒಂದು ಕೊನೆಯಿಂದ ಇನ್ನೊಂದಕ್ಕೆ ಟೇಪು ಹಿಡಿದೆ. ಜಯನಗರದ ಪ್ಯಾಂಟು ಹದಿನೈದೂವರೆ ಇಂಚಿತ್ತು, ಇಮ್ಮಡಿಸಿದರೆ 31. ಕಮರ್ಷಿಯಲ್ ಸ್ಟ್ರೀಟಿನದು ಹದಿನಾರೂವರೆ, ಅಂದರೆ 33. ಎರಡರ ಚೀಟಿಯೂ 30. ಎರಡನೆಯ ಅಂಗಡಿಯವರು ನನ್ನನ್ನು ಓಲೈಸಿದ್ದಾರೆ ಎಂದುಕೊಂಡೆ. ಅದು ಅರ್ಧ ಸತ್ಯ ಮಾತ್ರ.

ಉಳಿದ ಅರ್ಧ ರೈಸ್‌ನಲ್ಲಿದೆ. ಕಾಲುಗಳ ಒಳಹೊಲಿಗೆಗಳು ಬಂದು ಕೂಡುವ ಕವಲಿನಿಂದ ಮುಂದುಗಡೆ ಪಟ್ಟಿಯ ಮೇಲಂಚಿನವರೆಗಿನ ಉದ್ದವೇ ರೈಸ್. ಮೊದಲನೆಯದರಲ್ಲಿ ಅದು ಹತ್ತೂವರೆ ಇಂಚು, ಎರಡನೆಯದರಲ್ಲಿ ಎಂಟು. ಹತ್ತೂವರೆಯ ಪಟ್ಟಿ ನನ್ನ ಹೊಕ್ಕುಳಿನ ಮಟ್ಟದಲ್ಲಿ ಕೂರುತ್ತದೆ. ಅಲ್ಲಿ ನನ್ನ ಸುತ್ತಳತೆ 30. ಎಂಟರ ಪಟ್ಟಿ ಅದಕ್ಕಿಂತ ಎರಡೂವರೆ ಇಂಚು ಕೆಳಗೆ, ದೇಹ ಅಗಲವಾಗತೊಡಗುವಲ್ಲಿ ಕೂರುತ್ತದೆ; ಅಲ್ಲಿ ನಾನು 33ಕ್ಕೂ ಸ್ವಲ್ಪ ಹೆಚ್ಚು. ಅಂದರೆ ಆ ಪಟ್ಟಿ ಹಿಗ್ಗಿರಲೇಬೇಕಿತ್ತು, ಇಲ್ಲದಿದ್ದರೆ ಗುಂಡಿಯೇ ಹತ್ತುತ್ತಿರಲಿಲ್ಲ. ದೇಹದ ಯಾವ ಎತ್ತರದ ಸೊಂಟವೆಂದು ತಿಳಿಯದೆ ಸೊಂಟದ ಅಂಕೆಯನ್ನು ಓದುವುದು, ಮನೆಯ ನಂಬರು ಹೇಳಿ ಕ್ರಾಸ್ ಹೇಳದೆ ಆಟೋ ಹತ್ತಿದಂತೆ.

ಹಾಗಾಗಿ ನಾನೀಗ ಮೊದಲು ರೈಸ್ ಕೇಳುತ್ತೇನೆ, ಸೊಂಟ ಆಮೇಲೆ. ಹೈ, ಮಿಡ್, ಲೋ ಎಂಬ ಹೆಸರುಗಳನ್ನೂ ಹೆಚ್ಚು ನೆಚ್ಚುವುದಿಲ್ಲ, ಏಕೆಂದರೆ ಕವಲಿನಿಂದ ಹೊಕ್ಕುಳಿನವರೆಗಿನ ಅಂತರ ಒಬ್ಬೊಬ್ಬರಿಗೆ ಒಂದೊಂದು. ನನಗೆ ಹೊಕ್ಕುಳಿಗೆ ಬರುವ ಹತ್ತೂವರೆ, ನನಗಿಂತ ಗಿಡ್ಡಗಿರುವ ತಂಗಿಗೆ ಪಕ್ಕೆಲುಬಿನ ಹತ್ತಿರ ಹೋಗಿ ಊಟದ ನಂತರ ಹಿಂಸೆ ಕೊಡುತ್ತದೆ. ಮನೆಯಲ್ಲಿ ಹಿತವಾಗಿರುವ ಪ್ಯಾಂಟಿನ ರೈಸನ್ನು ಅಳೆದು ಗುರುತಿಟ್ಟುಕೊಳ್ಳುವುದೇ ಸುಲಭ.

ಅಳತೆ ತಪ್ಪಿದ್ದನ್ನು ಟ್ರಯಲ್ ರೂಮಿನಲ್ಲಿ ನಿಂತು ನೋಡಿಕೊಂಡರೆ ಸಾಲದು, ಕೂರಬೇಕು. ಸ್ಟೂಲಿಲ್ಲದಿದ್ದರೆ ಕುಕ್ಕರಗಾಲಿನಲ್ಲಿಯಾದರೂ ಸರಿ. ಪಟ್ಟಿ ಬೆನ್ನಿನಿಂದ ಕೆಳಗೆ ಜಾರಿದರೆ ಹಿಂದಿನ ರೈಸ್ ಸಾಲದೆಂದು ಅರ್ಥ. ಬಸ್ಸಿನ ಸೀಟಿನಲ್ಲಿ ಕುರ್ತಿಯ ಹಿಂಭಾಗವನ್ನು ಎಳೆದುಕೊಳ್ಳುತ್ತ ಕೂರುವ ಯೋಗ ಅದರಿಂದಲೇ. ಕವಲಿನಿಂದ ತೊಡೆಗಳ ಕಡೆಗೆ ಬಿಗಿಯಾದ ಗೆರೆಗಳು ಹರಡಿದರೆ ರೈಸ್ ಗಿಡ್ಡ ಅಥವಾ ತೊಡೆ ಬಿಗಿ; ಅಲ್ಲೇ ಬಟ್ಟೆ ಜೋತುಬಿದ್ದರೆ ರೈಸ್ ಉದ್ದ. ಕೂತಾಗ ಪಟ್ಟಿ ಜಾರದೆ ಬೆನ್ನಿನ ಹಿಂದೆ ಬಾಯಿ ಮಾತ್ರ ತೆರೆದರೆ ಅದು ರೈಸ್‌ನ ತಪ್ಪಲ್ಲ. ಹಿಂಭಾಗಕ್ಕೆ ಹೋಲಿಸಿದರೆ ಸೊಂಟ ಸಣ್ಣದು, ಅಷ್ಟೆ.

ನನ್ನ ಕಮರ್ಷಿಯಲ್ ಸ್ಟ್ರೀಟಿನ ಪ್ಯಾಂಟಿಗೆ ಜಾರುವ ಚಾಳಿ. ಮಲ್ಲೇಶ್ವರದಲ್ಲಿ ನಮಗೆ ಗುರುತಿರುವ ದರ್ಜಿಯೊಬ್ಬರ ಮುಂದಿಟ್ಟು, ಪಟ್ಟಿಯನ್ನು ಸ್ವಲ್ಪ ಹಿಡಿದುಕೊಡಿ ಎಂದೆ. ಅವರು ಹಿಂದಿನ ನಡುಹೊಲಿಗೆಯನ್ನು ಬೆರಳಿನಲ್ಲಿ ಮಡಚಿ ನೋಡಿದರು.

"ಒಂದಿಂಚು ಹಿಡೀಬಹುದು ಮೇಡಂ. ಜಾಸ್ತಿ ಹಿಡಿದ್ರೆ ಹಿಂದಿನ ಎರಡು ಜೇಬೂ ಅಂಟ್ಕೊಂಡುಬಿಡ್ತವೆ."

"ಹಿಡಿದ್ರೆ ಜಾರೋದು ನಿಲ್ಲುತ್ತಾ?"

"ಬಿಗಿಯಾಗುತ್ತೆ, ಆದ್ರೆ ಕೂತ್ರೆ ಜಾರೇ ಜಾರುತ್ತೆ. ಮೇಲಕ್ಕೆ ಬಟ್ಟೇನೇ ಇಲ್ವಲ್ಲ ಮೇಡಂ, ಎಲ್ಲಿಂದ ತರ್ಲಿ?" ಎಂದು ಪ್ಯಾಂಟನ್ನು ಮಡಚಿ ಮರಳಿಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ. ಆ ಪ್ಯಾಂಟನ್ನು ಈಗ ಉದ್ದ ಕುರ್ತಿಯ ಜೊತೆಗೆ, ನಿಂತೇ ಮುಗಿಯುವ ಕೆಲಸಗಳಿಗೆ ಮಾತ್ರ ಹಾಕಿಕೊಳ್ಳುತ್ತೇನೆ.